ಅಪ್‌ಡೇಟ್ ಆದಮೇಲೆ ಫೋನ್ ಬಿಸಿ, ಚಾರ್ಜ್ ನಿಲ್ಲುತ್ತಿಲ್ಲ

ತುಂಗಾತೀರ: ಹೋದ ವಾರ ಆಂಡ್ರಾಯ್ಡ್ ಅಪ್‌ಡೇಟ್ ಹಾಕಿದೆ. ಅವತ್ತಿನಿಂದ ಫೋನ್ ಸುಮ್ನೆ ಜೇಬಲ್ಲಿದ್ದರೂ ಬಿಸಿ. ಬೆಳಗ್ಗೆ ಫುಲ್ ಚಾರ್ಜ್ ಇದ್ದದ್ದು ಊಟದ ಹೊತ್ತಿಗೆ 30 ಪರ್ಸೆಂಟ್. ಯಾವ ಆಪ್ ಬ್ಯಾಟರಿ ತಿನ್ನುತ್ತಿದೆ ಅಂತ ಹಿಡಿಯುವುದು ಹೇಗೆ?

ಬೆಣ್ಣೆದೋಸೆ: ಯಾವ ದೊಡ್ಡ ಅಪ್‌ಡೇಟ್ ಆದಮೇಲೂ ಹೀಗೇ ಸಾರ್. ಇರುವ ಆಪ್‌ಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಹೊಂದಿಸುವ ಕೆಲಸ ಒಳಗೆ ನಡೀತಾ ಇರುತ್ತದೆ. ಎರಡು ಮೂರು ದಿನ ಬಿಡಿ. ಜೊತೆಗೆ ಆಗಾಗ ತೆರೆದ ಆಪ್‌ಗಳನ್ನೆಲ್ಲ ಸ್ವೈಪ್ ಮಾಡಿ ಮುಚ್ಚುತ್ತಾ ಇರಿ.

ಬೆಸುಗೆ: ಮೊದಲನೆಯದು ಸರಿ, ಎರಡನೆಯದು ಬೇಡ. ಆ ಹೊಂದಿಸುವ ಕೆಲಸ ಹೆಚ್ಚಾಗಿ ನಡೆಯುವುದು ಫೋನ್ ಚಾರ್ಜಿಗಿಟ್ಟು ಮುಟ್ಟದೆ ಬಿಟ್ಟಾಗ. ವಾರ ಕಳೆದಮೇಲೂ ಜೇಬಲ್ಲಿ ಬಿಸಿ ಆಗುತ್ತಿದ್ದರೆ ಕಾರಣ ಬೇರೆಯೇ ಇರಬೇಕು. ಇನ್ನು ಸ್ವೈಪ್ ಮಾಡಿದರೆ ದಿನಾ ಬಳಸುವ ಆಪ್ ಪ್ರತಿ ಸಲ ಮೊದಲಿಂದ ಶುರುವಾಗಬೇಕು, ಅದಕ್ಕೇ ಜಾಸ್ತಿ ಖರ್ಚು. ಕದ್ದು ಓಡುವ ಆಪ್ ಹಾಗೆಲ್ಲ ಸಾಯುವುದೂ ಇಲ್ಲ.

Settings > Battery > Battery usage ನೋಡಿ. ಮೇಲೆ ಯಾರಿದ್ದಾರೆ ಅಂತ ನೋಡಬೇಡಿ, ಒಂದೊಂದೇ ಆಪ್ ಒತ್ತಿ ಪರದೆಯ ಮೇಲೆ ಎಷ್ಟು ಹೊತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ಅಂತ ಹೋಲಿಸಿ. ಎರಡು ಗಂಟೆ ವಿಡಿಯೋ ನೋಡಿದ್ದಕ್ಕೆ 20 ಪರ್ಸೆಂಟ್ ಹೋದರೆ ಅದು ನ್ಯಾಯ. ನೀವು ತೆರೆದೇ ಇಲ್ಲದ ಆಪ್ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಓಡಿದ್ದರೆ, ಅದು 8 ಪರ್ಸೆಂಟ್ ತೋರಿಸಿದರೂ ಮೊದಲು ಅದನ್ನೇ ಹಿಡಿಯಿರಿ.

ಗೇಮರ್ ಗುಂಡ: ನಂದೂ ಅದೇ ಕಥೆ ಗುರು, ಚಾರ್ಜಿಗೆ ಹಾಕಿಕೊಂಡೇ ಆಡ್ತೀನಿ, ಕೈ ಸುಡುತ್ತೆ. ಹತ್ತು ನಿಮಿಷ ಫ್ರಿಜ್ಜಲ್ಲಿ ಇಡ್ತೀನಿ, ತಣ್ಣಗಾಗುತ್ತೆ.

ಬೆಸುಗೆ: ಫ್ರಿಜ್ ಬೇಡ ಮಾರಾಯ, ಒಳಗೆ ನೀರು ಕಟ್ಟುತ್ತದೆ. ಅವರು ಕೇಳಿದ್ದು ಸುಮ್ನೆ ಇಟ್ಟಾಗ ಬಿಸಿಯಾಗುವ ಬಗ್ಗೆ. ನಿನ್ನದಕ್ಕೆ ಚಾರ್ಜರ್ ಕಿತ್ತು ಆಡಿದರೆ ಸಾಕು.

ತುಂಗಾತೀರ: ಸಿಕ್ಕಿತು! ಯಾವಾಗಲೋ ಹಾಕಿಕೊಂಡಿದ್ದ ಕ್ಯೂಆರ್ ಸ್ಕ್ಯಾನರ್. ಪರದೆಯ ಮೇಲೆ ಸೊನ್ನೆ, ಹಿನ್ನೆಲೆಯಲ್ಲಿ 9 ಗಂಟೆ. ಆದರೆ ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದೆ, ಒತ್ತಿದರೆ ಏನೂ ಆಗುವುದಿಲ್ಲ.

ಬೆಸುಗೆ: ಹಾಗಾದರೆ ಅದು ಡಿವೈಸ್ ಅಡ್ಮಿನ್ ಅನುಮತಿ ಇಟ್ಟುಕೊಂಡು ಕೂತಿರಬಹುದು. ಸ್ಕ್ಯಾನರಿಗೆ ಆ ಅನುಮತಿ ಯಾಕೆ ಬೇಕು ಹೇಳಿ? Settings ಒಳಗಿನ ಹುಡುಕುವ ಜಾಗದಲ್ಲಿ Device admin apps ಅಂತ ಹಾಕಿ, ಅಲ್ಲಿ ಅದನ್ನು ಆಫ್ ಮಾಡಿ, ಆಮೇಲೆ ತೆಗೆಯಿರಿ. Accessibility ಒಳಗೂ ಅದರ ಹೆಸರು ಇದೆಯಾ ನೋಡಿ.

ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಪವರ್ ಮೆನುವಿನ Power off ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಸೇಫ್ ಮೋಡ್ ಕೇಳುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ. ಅರ್ಧ ಗಂಟೆ ಪರದೆ ಆರಿಸಿ ಇಡಿ. ತಣ್ಣಗಿದ್ದರೆ ತಪ್ಪು ಆಪ್‌ನದ್ದು. ಆಗಲೂ ಬಿಸಿಯಾದರೆ ಸಿಸ್ಟಮ್, ನೆಟ್‌ವರ್ಕ್ ಅಥವಾ ಬ್ಯಾಟರಿ ಕಡೆ ನೋಡಬೇಕು.

ಕೋಡಿಗ: ಕೈಯಲ್ಲಿ ಮುಟ್ಟಿ ಬಿಸಿ ಅಳೆಯಬೇಡಿ. ಕಂಪ್ಯೂಟರಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಅನ್ನುವ ಸಾಧನ ನಿಮ್ಮಲ್ಲಿದ್ದರೆ, ಫೋನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಇದನ್ನು ಹಾಕಿ:

```
adb shell dumpsys battery
```

temperature ಮುಂದೆ 412 ಅಂತ ಬಂದರೆ 41.2 ಡಿಗ್ರಿ ಅಂತ ಅರ್ಥ. ಕೇಬಲ್ ಹಾಕಿದರೆ ಚಾರ್ಜೂ ಆಗುತ್ತದೆ, ಹಾಗಾಗಿ ಹಾಕಿದ ತಕ್ಷಣ ಓದಿಕೊಳ್ಳಿ.

ತುಂಗಾತೀರ: ಸೇಫ್ ಮೋಡಲ್ಲಿ ತಣ್ಣಗಿತ್ತು. ಅಡ್ಮಿನ್ ಆಫ್ ಮಾಡಿ ಸ್ಕ್ಯಾನರ್ ತೆಗೆದೆ. ಮೊದಲು 398 ಇದ್ದದ್ದು ಈಗ 331. ಹಳೆಯ ಅಪ್‌ಡೇಟಿನಲ್ಲಿ ಸುಮ್ಮನಿದ್ದ ಆಪ್ ಈಗ ಯಾಕೆ ಎದ್ದಿತು?

ಬೆಣ್ಣೆದೋಸೆ: ನಾನು ಹೇಳಿದ್ದು ಅದೇ ಅಲ್ವಾ, ತಪ್ಪು ಅಪ್‌ಡೇಟಿನದ್ದೇ.

ಬೆಸುಗೆ: ಇರಬಹುದು, ಇಲ್ಲದೆಯೂ ಇರಬಹುದು. ಹಳೆಯ ಸಿಸ್ಟಮ್ ಅದನ್ನು ಹಿನ್ನೆಲೆಯಲ್ಲಿ ತಡೆದಿತ್ತೋ, ಅದೇ ವಾರ ಸ್ಕ್ಯಾನರಿಗೂ ಹೊಸ ಆವೃತ್ತಿ ಬಂದಿತ್ತೋ, ಆಪ್ ತೆಗೆದಮೇಲೆ ಹೇಳುವುದು ಕಷ್ಟ.

ತುಂಗಾತೀರ: ಇನ್ನೊಂದು. ತೀರ್ಥಹಳ್ಳಿ ಪೇಟೆಯಲ್ಲಿ ಈಗ ಚೆನ್ನಾಗಿದೆ, ತೋಟದ ಮನೆಗೆ ಹೋದರೆ ಮತ್ತೆ ಚಾರ್ಜ್ ಇಳಿಯುತ್ತದೆ.

ಕೋಡಿಗ: ಅಲ್ಲಿ ಸಿಗ್ನಲ್ ಒಂದು ಕಡ್ಡಿ ಇರಬೇಕು. ಟವರ್ ಹುಡುಕುತ್ತಾ ಫೋನ್ ಜಾಸ್ತಿ ಶಕ್ತಿ ಸುರಿಯುತ್ತದೆ. 5ಜಿ ಆಫ್ ಮಾಡಿ 4ಜಿಗೆ ಹಾಕಿ ನೋಡಿ.

ಬೆಣ್ಣೆದೋಸೆ: ಅಪ್‌ಡೇಟಿಗೆ ಮೊದಲೂ ಅದೇ ತೋಟ, ಅದೇ ಟವರ್ ತಾನೇ? ಹೊಸ ಅಪ್‌ಡೇಟಲ್ಲಿ ಮೋಡೆಮ್ ಸಾಫ್ಟ್‌ವೇರೇ ಕೆಟ್ಟಿರುತ್ತದೆ, ಮುಂದಿನ ಪ್ಯಾಚ್ ಬರುವವರೆಗೆ ಏನು ಮಾಡಿದರೂ ಅಷ್ಟೇ.

ಬೆಸುಗೆ: ಜಗಳ ಯಾಕೆ, ತೋಟದ ಮನೆಯಲ್ಲೇ ಒಂದು ರಾತ್ರಿ ಏರೋಪ್ಲೇನ್ ಮೋಡಲ್ಲಿ ಇಡಿ, ಇನ್ನೊಂದು ರಾತ್ರಿ ಹಾಗೇ ಇಡಿ. ಎರಡು ದಿನವೂ ಬೆಳಗ್ಗೆ ಎಷ್ಟು ಇಳಿದಿದೆ ಅಂತ ಬರೆಯಿರಿ. ಏರೋಪ್ಲೇನ್ ಮೋಡಲ್ಲೂ ಅಷ್ಟೇ ಇಳಿದರೆ ಟವರಿನ ಮಾತೇ ಬೇಡ.

ತುಂಗಾತೀರ: ಶನಿವಾರ ಹೋಗುತ್ತೇನೆ, ಸೋಮವಾರ ಇಲ್ಲೇ ಹಾಕುತ್ತೇನೆ.