ಮಷಿನ್‌ನಲ್ಲಿ 26 ಬಂತು, ಬಿಟ್ಟು ಕಳಿಸಿದರು. ಹಾಗಾದರೆ ಬ್ರೇಕ್ ಯಾಕೆ ತಡವಾಯಿತು?

ಪ್ರಶ್ನೆ (ಹಾಸನದ ಸದಸ್ಯ): ಕಳೆದ ಶನಿವಾರ ರಾತ್ರಿ ಕುಣಿಗಲ್ ಹತ್ತಿರ ಊಟ ಮಾಡಿದೆವು. ನಾನು 60 ಮಿ.ಲೀ. ವಿಸ್ಕಿ ಕುಡಿದಿದ್ದೆ, ಅಷ್ಟೇ. ಒಂದು ಗಂಟೆ ಬಿಟ್ಟು ಹೊರಟೆ. ದಾರಿಯಲ್ಲಿ ಪೊಲೀಸರು ಊದಿಸಿದರು, 26 ತೋರಿಸಿತು. ಮಿತಿ 30 ಅಲ್ವಾ, ಬಿಟ್ಟು ಕಳಿಸಿದರು. ಸ್ವಲ್ಪ ಮುಂದೆ ಹಿಂದಿನ ದೀಪ ಇಲ್ಲದ ಬೈಕೊಂದು ಸಡನ್ನಾಗಿ ಎಡಕ್ಕೆ ಬಂತು. ಒಂದು ಗೇಣು ಅಂತರದಲ್ಲಿ ನಿಂತಿತು ಕಾರು. ನನಗೆ ಕಿಕ್ ಇರಲಿಲ್ಲ, ತಲೆ ಸ್ಪಷ್ಟವಾಗಿತ್ತು. ಕಾನೂನಿನ ಮಿತಿಯೊಳಗೆ ಇದ್ದರೂ ಕೈಕಾಲು ನಿಧಾನ ಆಗುತ್ತದಾ? ಗೊತ್ತಿರುವವರು ಹೇಳಿ.

ಉತ್ತರ (ಫೊರೆನ್ಸಿಕ್ ಮೆಡಿಸಿನ್ ವೈದ್ಯೆ): ಆಗುತ್ತದೆ. ಆದರೆ ನಿಧಾನವಾಗುವುದು ಕೈಕಾಲಲ್ಲ. ಈ ಮಟ್ಟದಲ್ಲಿ ಕಾಲಿನ ನರ, ಸ್ನಾಯು ಎಲ್ಲಾ ಹೆಚ್ಚುಕಮ್ಮಿ ಮೊದಲಿನ ಹಾಗೇ ಇರುತ್ತವೆ. ತಡವಾಗುವುದು ಅದಕ್ಕೂ ಮುಂಚಿನ ಹಂತ. ಬೈಕ್ ಕಣ್ಣಿಗೆ ಬೀಳಬೇಕು. "ಇದು ನನ್ನ ದಾರಿಗೆ ಬರುತ್ತಿದೆ" ಅಂತ ಗೊತ್ತಾಗಬೇಕು. ಬ್ರೇಕೋ, ಸ್ಟಿಯರಿಂಗೋ ಅಂತ ಆರಿಸಬೇಕು. ಮದ್ಯ ಮೊದಲು ಕೈ ಹಾಕುವುದು ಅಲ್ಲಿಗೆ. ಮೆದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ದಾಟಿಸುವ ಗ್ಲುಟಮೇಟ್‌ನ ಕೆಲಸವನ್ನು ಅದು ತಗ್ಗಿಸುತ್ತದೆ, ಸುದ್ದಿಗೆ ತಡೆ ಹಾಕುವ ಗ್ಯಾಬಾದ ಕೆಲಸವನ್ನು ಹೆಚ್ಚಿಸುತ್ತದೆ. ಇದು 30 ದಾಟಿದ ಮೇಲೆ ಶುರುವಾಗುವ ಕೆಲಸ ಅಲ್ಲ. 30 ಅನ್ನುವುದು, ಅಂದರೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮದ್ಯ, ಮೋಟಾರು ವಾಹನ ಕಾಯ್ದೆ ಹಾಕಿದ ಗೆರೆ, ನಿಮ್ಮ ಮೆದುಳು ಹಾಕಿಕೊಂಡಿದ್ದಲ್ಲ. ಇಂಗ್ಲೆಂಡಿನಲ್ಲಿ ಅದೇ ಗೆರೆ 80ಕ್ಕೆ ಇದೆ, ಸ್ವೀಡನ್‌ನಲ್ಲಿ 20ಕ್ಕೆ.

ನಿಮ್ಮ ಲೆಕ್ಕ ಹಾಕಿ ನೋಡೋಣ. ನಮ್ಮ ವಿಸ್ಕಿ 42.8 ಪರ್ಸೆಂಟ್. 60 ಮಿ.ಲೀ.ನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯ. 70 ಕೆಜಿ ಗಂಡಸಿನ ದೇಹದಲ್ಲಿ ಅದು ಪೂರ್ತಿ ಹರಡಿದರೆ 100 ಮಿ.ಲೀ. ರಕ್ತಕ್ಕೆ 42 ಮಿ.ಗ್ರಾಂ ಹತ್ತಿರ ಬರುತ್ತದೆ. ಲಿವರ್ ಗಂಟೆಗೆ ಸುಮಾರು 15 ಕಳೆಯುತ್ತದೆ. ಅಲ್ಲಿಗೆ 27. ಮಷಿನ್ ಹೇಳಿದ್ದು ಸರಿಯಾಗೇ ಇದೆ. ಊಟ ಮಾಡಿದ್ದರಿಂದ ಏರಿಕೆ ಇನ್ನೂ ನಿಧಾನ ಆಗಿರಬಹುದು.

ಈಗ ರಸ್ತೆಗೆ ಬನ್ನಿ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 16.7 ಮೀಟರ್. ನಿಮ್ಮ ಮೆದುಳು ಬರೀ 0.2 ಸೆಕೆಂಡ್ ತಡ ಮಾಡಿತು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಕಾರು 3.3 ಮೀಟರ್ ಮುಂದೆ ಹೋಗಿರುತ್ತದೆ. ಏನು ಮಹಾ ಅನ್ನಿಸಬಹುದು. ಆದರೆ ಬ್ರೇಕ್ ಹಿಡಿದಾಗ ವೇಗ ಇಳಿಯುವುದು ಹೆಚ್ಚಾಗಿ ಕೊನೆಯ ಕೆಲವು ಮೀಟರ್‌ಗಳಲ್ಲಿ. ಒಣ ಟಾರು ರಸ್ತೆ, ಒಳ್ಳೆ ಬ್ರೇಕ್ ಅಂತ ಲೆಕ್ಕ ಹಾಕಿದರೆ, ಕುಡಿಯದೆ ಓಡಿಸಿದ ನೀವು ಪೂರ್ತಿ ನಿಂತಿರುವ ಜಾಗದಲ್ಲಿ, ಕುಡಿದ ನೀವು ಇನ್ನೂ 24 ಕಿ.ಮೀ. ವೇಗದಲ್ಲಿ ಇರುತ್ತೀರಿ. ನಿಮ್ಮ ಬೈಕಿನವನಿಗೂ ನಿಮಗೂ ಇದ್ದದ್ದು ಒಂದು ಗೇಣು.

ಬೆಂಗಳೂರಿನ ಟೆಕ್ಕಿ: ಮೇಡಂ, ನಾನು ಇದನ್ನ ನಾನೇ ಪರೀಕ್ಷೆ ಮಾಡಿದ್ದೇನೆ. ಫೋನಿನಲ್ಲಿ ಪರದೆ ಹಸಿರಾದ ತಕ್ಷಣ ಬೆರಳು ಒತ್ತುವ ಆಟ ಇದೆಯಲ್ಲ, ಅದು. ಕುಡಿಯುವ ಮೊದಲು 280 ಮಿಲಿಸೆಕೆಂಡ್, ಎರಡು ಪೆಗ್ ಆದಮೇಲೆ 285. ಐದೈದು ಸಲ ಮಾಡಿದೆ. ಐದು ಮಿಲಿಸೆಕೆಂಡಿಗೆ ಏನು ವ್ಯತ್ಯಾಸ ಬರುತ್ತೆ? 0.2 ಸೆಕೆಂಡ್ ಅನ್ನುವುದು ಜಾಸ್ತಿ ಆಯ್ತು.

ವೈದ್ಯೆ: ನೀವು ಅಳತೆ ಮಾಡಿದ್ದು ಸರಿ, ಅದರಿಂದ ಹೊರಟ ತೀರ್ಮಾನ ಸರಿಯಲ್ಲ. 0.2 ಅನ್ನುವುದು ನಾನು ಲೆಕ್ಕಕ್ಕೆ ಹಿಡಿದ ಸಂಖ್ಯೆ. ಒಬ್ಬೊಬ್ಬರಿಗೆ ಒಂದೊಂದು ಸಲ ಅದು ಬೇರೆ ಇರುತ್ತದೆ. ಆದರೆ ನಿಮ್ಮ ಆಟದಲ್ಲಿ ಬರುವುದು ಒಂದೇ ದೀಪ, ಮಾಡಬೇಕಾದ್ದು ಒಂದೇ ಕೆಲಸ, ಅದಕ್ಕೇ ಕಾಯುತ್ತಾ ಕೂತಿರುತ್ತೀರಿ. ಕಡಿಮೆ ಪ್ರಮಾಣದ ಮದ್ಯಕ್ಕೆ ಅಂಥ ಸುಲಭ ಪರೀಕ್ಷೆ ಅಷ್ಟಾಗಿ ಬಗ್ಗುವುದಿಲ್ಲ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಮಾಸ್ಕೋವಿಟ್ಜ್ ಮತ್ತು ಫಿಯೊರೆಂಟಿನೊ ಅನ್ನುವವರು ಕಡಿಮೆ ಮದ್ಯದ ಮೇಲೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲು ಕೆಡುವುದರಲ್ಲಿ ಗಮನವನ್ನು ಎರಡು ಕಡೆ ಹಂಚಬೇಕಾದ ಕೆಲಸ ಇದೆ. ಸುಮ್ಮನೆ ಗುಂಡಿ ಒತ್ತುವುದು ಅಷ್ಟು ಬೇಗ ಕೆಡುವುದಿಲ್ಲ.

ಕಾರು ಓಡಿಸುವುದು ಎರಡನೇ ಜಾತಿಯ ಕೆಲಸ ಅಲ್ಲ, ಮೊದಲನೇ ಜಾತಿಯದು. ಲೇನ್ ಹಿಡಿಯಬೇಕು, ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತದೆ, ಪಕ್ಕದವರು ಮಾತಾಡುತ್ತಾರೆ, ಕನ್ನಡಿ ನೋಡಬೇಕು. ಇವುಗಳ ಮಧ್ಯೆ, ಯಾರೂ ಹೇಳದೆ, ಕತ್ತಲಲ್ಲಿ ಒಂದು ಬೈಕ್ ಬರುತ್ತದೆ. ನೀವು ಮನೆಯಲ್ಲೇ ನೋಡಬೇಕು ಅಂದರೆ, ಕುಡಿಯದೆ ಇದ್ದಾಗಲೇ ಒಂದು ಕೆಲಸ ಮಾಡಿ. ಅದೇ ಆಟ ಆಡುತ್ತಾ ನೂರರಿಂದ ಏಳೇಳು ಕಳೆಯುತ್ತಾ ಹೋಗಿ. 280 ಎಲ್ಲಿಗೆ ಏರುತ್ತದೆ ನೋಡಿ. ಮದ್ಯ ಸುಲಿದುಕೊಳ್ಳುವುದು ಆ ಹೆಚ್ಚುವರಿ ಗಮನವನ್ನೇ.

ಟೆಕ್ಕಿ: ಆಡಿ ನೋಡಿದೆ. 280 ಇದ್ದದ್ದು 400 ದಾಟಿತು, ಅದೂ ಒಂದೆರಡು ಸಲ ಹಸಿರು ಬಂದದ್ದೇ ಕಾಣಲಿಲ್ಲ. ಹೌದು, ಇದು ಬೇರೆ ಪರೀಕ್ಷೆ.

ಲಾರಿ ಓಡಿಸುವವರು (ಚಿತ್ರದುರ್ಗ): ನಾನು 22 ವರ್ಷದಿಂದ ಸ್ಟಿಯರಿಂಗ್ ಹಿಡಿದಿದ್ದೀನಿ. ದಿನಾ ಕುಡಿಯುವವನಿಗೆ ಒಂದು ಕ್ವಾರ್ಟರ್ ಏನೂ ಮಾಡಲ್ಲ. ಹೊಸಬರಿಗೆ ಎರಡು ಪೆಗ್‌ಗೇ ತಲೆ ತಿರುಗುತ್ತೆ. ಅಭ್ಯಾಸ ಇರುವವರಿಗೂ ಇಲ್ಲದವರಿಗೂ ಒಂದೇ ಲೆಕ್ಕ ಹಾಕಬೇಡಿ ಮೇಡಂ.

ವೈದ್ಯೆ: ಅಣ್ಣ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ದಿನಾ ಕುಡಿಯುವವರು ತೂರಾಡುವುದಿಲ್ಲ, ನಾಲಿಗೆ ತೊದಲುವುದಿಲ್ಲ, 22 ವರ್ಷದಿಂದ ಮಾಡಿದ ಗೇರು, ಕ್ಲಚ್ಚು ತಾನಾಗೇ ನಡೆಯುತ್ತದೆ. ರೂಢಿಯಾದ ಕೆಲಸಕ್ಕೆ ಮೆದುಳು ಹೊಂದಿಕೊಳ್ಳುತ್ತದೆ. ಆದರೆ ಎಮ್ಮೆ ಅಡ್ಡ ಬರುವುದು ರೂಢಿಯ ಕೆಲಸವಲ್ಲ. ಅಲ್ಲಿ ಆ ಅಭ್ಯಾಸ ಅಷ್ಟಾಗಿ ಕೈ ಹಿಡಿಯುವುದಿಲ್ಲ. ಅದಕ್ಕಿಂತ ತೊಂದರೆ ಏನೆಂದರೆ, ತೂರಾಟ ಇಲ್ಲದ್ದರಿಂದ ಎಚ್ಚರಿಕೆಯ ಗಂಟೆಯೇ ನಿಮಗೆ ಕೇಳಿಸುವುದಿಲ್ಲ. ಇನ್ನೊಂದು, ಕ್ವಾರ್ಟರ್ ಅಂದರೆ 180 ಮಿ.ಲೀ. ಅದರಲ್ಲಿ 60 ಗ್ರಾಂ ಮದ್ಯ ಇರುತ್ತದೆ. ಅದು 30ರ ಹತ್ತಿರದ ಮಾತೇ ಅಲ್ಲ, 70 ಕೆಜಿ ದೇಹಕ್ಕೆ 120 ದಾಟುತ್ತದೆ.

ಲಾರಿ ಓಡಿಸುವವರು: ಎಮ್ಮೆ ವಿಷಯ ಸರಿ. ಆದರೆ ನಿದ್ದೆಗೆಟ್ಟು ಓಡಿಸುವವನಿಗಿಂತ ಒಂದು ಪೆಗ್ ಹಾಕಿ ಓಡಿಸುವವನು ವಾಸಿ ಅಂತ ನನ್ನ ಅನಿಸಿಕೆ. ಅದು ಬದಲಾಗಲ್ಲ.

ವೈದ್ಯೆ: ನಿದ್ದೆಗೆಟ್ಟವನಿಗಿಂತ ಅನ್ನುವ ಹೋಲಿಕೆ ಬಿಡಿ, ರಾತ್ರಿ ಎರಡೂ ಒಟ್ಟಿಗೆ ಬರುತ್ತವೆ. ನಿದ್ದೆ ಕಡಿಮೆ ಆದ ದಿನ ಅದೇ ಒಂದು ಪೆಗ್ ಹೆಚ್ಚು ಹೊಡೆತ ಕೊಡುತ್ತದೆ.

ಇನ್ನೊಬ್ಬ ಸದಸ್ಯ: ಒಟ್ಟಿನಲ್ಲಿ 30 ದಾಟಬಾರದು ಅಂದರೆ ಎಷ್ಟು ಮಿ.ಲೀ. ಕುಡಿಯಬಹುದು? ಒಂದು ಪಟ್ಟಿ ಹಾಕಿ ಮೇಡಂ, ಪಾನ್ ತಿಂದರೆ ಮಷಿನ್‌ಗೆ ಗೊತ್ತಾಗಲ್ವಂತೆ, ನಿಜಾನಾ?

ವೈದ್ಯೆ: ಪಾನ್ ಬಾಯಿಯ ವಾಸನೆ ಮುಚ್ಚಬಹುದು. ಮಷಿನ್ ಅಳೆಯುವುದು ಶ್ವಾಸಕೋಶದಿಂದ ಬರುವ ಗಾಳಿಯಲ್ಲಿರುವ ಮದ್ಯವನ್ನು, ಅದು ರಕ್ತದಿಂದ ಬರುತ್ತದೆ. ಪಟ್ಟಿ ನಾನು ಹಾಕುವುದಿಲ್ಲ. ಇಷ್ಟೊತ್ತು ಹೇಳಿದ್ದೇ ಅದು: 30 ಸುರಕ್ಷಿತ ಅಂತ ಇಟ್ಟ ಗುರುತಲ್ಲ, ಶಿಕ್ಷೆ ಶುರುವಾಗುವ ಗುರುತು.

ಹಾಸನದ ಸದಸ್ಯ: ಮೇಡಂ, ನನಗೆ ಇನ್ನೂ ಬಗೆಹರಿಯದ್ದು ಒಂದಿದೆ. ನನಗೆ ಏನೂ ಅನ್ನಿಸಲಿಲ್ಲ ಅಂದೆನಲ್ಲ, ಅದು ಸುಳ್ಳಲ್ಲ. ಊಟಕ್ಕೆ ಕೂತಾಗ ಸ್ವಲ್ಪ ಬೆಚ್ಚಗೆ ಅನ್ನಿಸಿತ್ತು. ಹೊರಡುವಾಗ ಇಳಿದು ಹೋಗಿತ್ತು. ಅದಕ್ಕೇ ಓಡಿಸಿದ್ದು.

ವೈದ್ಯೆ: ನೀವು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಮಾತೇ. ಕುಡಿಯುವಾಗ ರಕ್ತದ ಮಟ್ಟ ಏರುತ್ತಿರುತ್ತದೆ, ಆಗ ಅಮಲು ಚೆನ್ನಾಗಿ ಗೊತ್ತಾಗುತ್ತದೆ. ಮಟ್ಟ ಇಳಿಯುವಾಗ, ಅದೇ ಸಂಖ್ಯೆಯಲ್ಲೂ, ಅಷ್ಟು ಗೊತ್ತಾಗುವುದಿಲ್ಲ. ಇದನ್ನು 1919ರಲ್ಲಿ ಎಡ್ವರ್ಡ್ ಮೆಲನ್‌ಬಿ ಗುರುತಿಸಿದರು. ಈಗಲೂ ಅವರ ಹೆಸರಲ್ಲೇ ಕರೆಯುತ್ತಾರೆ. ಅಂದರೆ ಏರುವಾಗ ಬಂದ 26ಕ್ಕೂ, ಇಳಿಯುವಾಗ ಬಂದ 26ಕ್ಕೂ ನಿಮ್ಮ ಒಳಗಿನ ಅಂದಾಜು ಬೇರೆ ಬೇರೆ. ನೀವು ಹೊರಟದ್ದು ಬಹುಶಃ ಇಳಿಯುವ ಕಡೆಯಲ್ಲಿ. "ಇಳಿದು ಹೋಯಿತು" ಅಂತ ನಿರ್ಧರಿಸಿದ್ದೂ ಅದೇ ಮೆದುಳು, ಅದರ ಮೇಲೆ ಇನ್ನೂ ಮದ್ಯ ಇತ್ತು. ಸ್ಟಿಯರಿಂಗ್ ಹಿಡಿಯುವ ಕೈ ಸರಿ ಹೋಗಿರಬಹುದು, ಗಮನ ಹಂಚುವ ಶಕ್ತಿ ಅಷ್ಟು ಬೇಗ ಮರಳುವುದಿಲ್ಲ. ಕಾಫಿ ಕುಡಿದರೆ ಮಂಪರು ಬಿಡಬಹುದು, ಲಿವರ್ ಬೇಗ ಕೆಲಸ ಮಾಡುವುದಿಲ್ಲ.

ನಿಮ್ಮ ವಿಷಯದಲ್ಲಿ ಮದ್ಯವೇ ಕಾರಣ ಅಂತ ನಾನು ಸಾಬೀತು ಮಾಡಲಾರೆ. ದೀಪವಿಲ್ಲದ ಬೈಕ್ ಯಾರ ಕಣ್ಣಿಗೂ ತಡವಾಗಿ ಕಾಣುತ್ತದೆ. ಒಂದು ಕೇಳುತ್ತೇನೆ: ಬೈಕ್ ನಿಮಗೆ ಮೊದಲು ಕಂಡಾಗ ನೀವು ಏನು ನೋಡುತ್ತಿದ್ದಿರಿ?

ಹಾಸನದ ಸದಸ್ಯ: ಫೋನಿನ ಮ್ಯಾಪ್ ನೋಡಿ ತಲೆ ಎತ್ತಿದೆ. ಬೈಕ್ ಆಗಲೇ ಪಕ್ಕದ ಲೇನಿನಲ್ಲಿ ಇತ್ತು, ನನಗೆ ಅದು ಇದೆ ಅಂತಲೇ ಹೊಳೆಯಲಿಲ್ಲ. ಬರಬೇಕಾದರೆ ಹೆಂಡತಿಗೆ ಕಾರು ಕೊಡೋಣ ಅಂದುಕೊಂಡಿದ್ದೆ, ಅವಳು ಬರೀ ಒಂದು ಗ್ಲಾಸ್ ವೈನ್ ಕುಡಿದಿದ್ದಳು. ಅವಳು ಓಡಿಸಿದ್ದರೆ ವಾಸಿ ಇತ್ತೇನೋ.

ವೈದ್ಯೆ: ಆ ಲೆಕ್ಕವೂ ಹಾಕೋಣ. 150 ಮಿ.ಲೀ. ವೈನ್, 12 ಪರ್ಸೆಂಟ್ ಅಂದರೆ 14 ಗ್ರಾಂ ಮದ್ಯ. ನಿಮ್ಮ 20ಕ್ಕಿಂತ ಕಡಿಮೆ. ಆದರೆ ಅವರ ತೂಕ 55 ಕೆಜಿ ಅಂತ ಇಟ್ಟುಕೊಂಡರೆ, ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ, ಪೂರ್ತಿ ಹರಡಿದಾಗ ಅದು 47ಕ್ಕೆ ಹೋಗುತ್ತದೆ. ನಿಮ್ಮದು 42. ಕುಡಿದು ಒಂದು ಗಂಟೆ ಆಗಿದ್ದರೂ ಅವರು 30ರ ಮೇಲೇ ಇರುತ್ತಿದ್ದರು.

ಹಾಸನದ ಸದಸ್ಯ: ಅವಳಿಗೆ ಇದನ್ನ ಓದಿಸಿದೆ. "ಹಾಗಾದರೆ ಮುಂದಿನ ಸಲ ಯಾರು ಕುಡಿಯಬಾರದು ಅಂತ ಮೊದಲೇ ಹೇಳಿ" ಅಂದಳು. ಇನ್ನೂ ಮಾತು ನಡೀತಾ ಇದೆ.