ರಿಟರ್ನ್ ಮಾಡಿದ ಪಾಯಿಂಟ್ಸ್ ಸಂಜೆ ವಾಪಸ್ ಬಂದವು, ಬೆಳಗ್ಗೆ ಇಲ್ಲ

ನೀಲಿಮುಗಿಲು: ಲಾಯಲ್ಟಿ ಮಾಡ್ಯೂಲ್‌ನಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಟೆಸ್ಟ್ ಗ್ರಾಹಕರ ಖಾತೆಯಲ್ಲಿ ಎರಡು ಲಾಟ್ ಇವೆ: A‌ಯಲ್ಲಿ 300 ಪಾಯಿಂಟ್ಸ್, ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. B‌ಯಲ್ಲಿ 500, ಡಿಸೆಂಬರ್ 31ಕ್ಕೆ. ಮಾರ್ಚ್ 25ರಂದು 1000, 600, 400ರ ಮೂರು ವಸ್ತುಗಳ ಆರ್ಡರ್, ಒಟ್ಟು 2000. ಅದಕ್ಕೆ 400 ಪಾಯಿಂಟ್ಸ್ ಬಳಸಿ (A‌ಯ 300, B‌ಯ 100, ಒಂದು ಪಾಯಿಂಟ್‌ಗೆ ಒಂದರ ಲೆಕ್ಕ) ಉಳಿದ 1600 ನಗದು ಕೊಟ್ಟಾಗಿದೆ. ಅದರ ಮೇಲೆ 5%, ಅಂದರೆ 80 ಪಾಯಿಂಟ್ಸ್ ಗಳಿಕೆ.

ಏಪ್ರಿಲ್ 10ಕ್ಕೆ 600ರ ವಸ್ತು ರಿಟರ್ನ್. ಬ್ಯಾಲೆನ್ಸ್ 400 ಇದ್ದದ್ದು ಸಂಜೆ 520 ಆಯಿತು. ಬೆಳಗ್ಗೆ ನೋಡಿದರೆ 430. ಗಳಿಕೆಯ 80ರಲ್ಲಿ 30 ಕಡಿತವೂ ಆಗಿದೆ, ಅದು ಸರಿ ಅಂದುಕೊಂಡಿದ್ದೇನೆ. 90 ಎಲ್ಲಿ ಹೋಯಿತು?

ದಾರಿಹೋಕ: ರಾತ್ರಿಯ ಎಕ್ಸ್‌ಪೈರಿ ಜಾಬ್ ತಿಂದಿದೆ. ಸುಲಭ ಪರಿಹಾರ: ವಾಪಸ್ ಬಂದ ಪಾಯಿಂಟ್ಸ್‌ಗೆ ಹೊಸ ಲಾಟ್ ಮಾಡಿ, ಅವತ್ತಿನಿಂದ ಪೂರ್ತಿ ಒಂದು ವರ್ಷ ಅವಧಿ ಕೊಡಿ.

ಲೆಕ್ಕಿಗ: ಕಾರಣ ಸರಿ, ಹೊಸ ಲಾಟ್ ಮಾಡುವುದೂ ಸರಿ. ಒಂದು ವರ್ಷ ಕೊಡುವುದು ಮಾತ್ರ ಬೇಡ. ಅವಧಿ ಮುಗಿಯುವ ಹಿಂದಿನ ದಿನ ಆರ್ಡರ್ ಮಾಡಿ, ವಾರ ಬಿಟ್ಟು ರಿಟರ್ನ್ ಮಾಡಿದರೆ ಸಾಕು, ಹಳೆಯ ಪಾಯಿಂಟ್ಸ್ ಹೊಸದಾಗಿಬಿಡುತ್ತವೆ. ಇದನ್ನು ಪತ್ತೆ ಹಚ್ಚುವ ಗ್ರಾಹಕರು ಖಂಡಿತ ಇರುತ್ತಾರೆ.

ನೀಲಿಮುಗಿಲು, ನಿಮ್ಮ ಕೇಸ್ ಬಿಡಿಸಿ ನೋಡೋಣ. 600 ಎಂಬುದು 2000ರ 30%. ಹಾಗಾಗಿ 400ರಲ್ಲಿ 120 ಪಾಯಿಂಟ್ಸ್ ವಾಪಸ್, ನಗದು 480. ಆ 120ನ್ನು ಬಳಸಿದ ಪ್ರಮಾಣದಲ್ಲೇ ಹಂಚಿದ್ದೀರಿ: A‌ಗೆ 90, B‌ಗೆ 30. A ಮಾರ್ಚ್ 31ಕ್ಕೇ ಮುಗಿದ ಲಾಟ್. ಸಂಜೆ ಅದಕ್ಕೆ 90 ಸೇರಿತು, ರಾತ್ರಿ ಜಾಬ್ ಓಡಿದಾಗ ಅಳಿಸಿಹೋಯಿತು. ಎಕ್ಸ್‌ಪೈರಿ ಎಂಟ್ರಿಗಳಲ್ಲಿ A‌ಯ ಹೆಸರಿನಲ್ಲಿ ಏಪ್ರಿಲ್‌ನ ಒಂದು ಸಾಲು ಕಂಡರೆ ಖಚಿತ.

ಪಾಯಿಂಟ್ಸ್ ಆರ್ಡರ್‌ನಲ್ಲಿ ಸಿಕ್ಕಿಕೊಂಡಿದ್ದಷ್ಟು ದಿನ ಗಡಿಯಾರ ನಿಂತಿತ್ತು ಅಂತ ಎಣಿಸಿ:

```
new_expiry = lot.expiry + (return_date - order_date)
```

ನಿಮ್ಮಲ್ಲಿ ಅದು 16 ದಿನ. A‌ಯ 90 ಏಪ್ರಿಲ್ 16ರವರೆಗೆ, B‌ಯ 30 ಜನವರಿ 16ರವರೆಗೆ ಬಾಳುತ್ತವೆ. ಹಳೆಯ ಲಾಟ್ ಮುಟ್ಟಬೇಡಿ. ಹೊಸ ಸಾಲು ಬರೆದು `parent_lot_id`ಯಲ್ಲಿ ಮೂಲ ಲಾಟ್ ನಮೂದಿಸಿ. ಇಲ್ಲದಿದ್ದರೆ ಮುಂದೆ ದೂರು ಬಂದಾಗ ಯಾವ ಪಾಯಿಂಟ್ ಎಲ್ಲಿಂದ ಬಂತು ಅಂತ ತೋರಿಸಲಾಗುವುದಿಲ್ಲ.

ಇನ್ನು ಆ 30 ಕಡಿತ ತಪ್ಪು. ವಸ್ತುವಿನ ಬೆಲೆ 600ರ ಮೇಲೆ 5% ಹಾಕಿದ್ದೀರಿ. ಗಳಿಕೆ ಕೊಟ್ಟದ್ದು ನಗದಿಗೆ ಮಾತ್ರ, ಆದ್ದರಿಂದ ಹಿಂತೆಗೆಯಬೇಕಾದ್ದು 480ರ 5%, ಅಂದರೆ 24. ಮೂರೂ ವಸ್ತು ರಿಟರ್ನ್ ಮಾಡಿ ನೋಡಿ: ನಿಮ್ಮ ಕೋಡ್ 50, 30, 20 ಸೇರಿಸಿ 100 ಕಡಿಯುತ್ತದೆ, ಕೊಟ್ಟದ್ದು 80.

ಮರಳಿಬಂದೆ: ನನಗೂ ಇದೇ ತೊಂದರೆ! ನಾನು ಗ್ರಾಹಕಿ. ಒಂದು ಆರ್ಡರ್ ರಿಟರ್ನ್ ಮಾಡಿದ ಮೇಲೆ ಪಾಯಿಂಟ್ಸ್ ಮೈನಸ್ 45 ತೋರಿಸುತ್ತಿದೆ. ಎಕ್ಸ್‌ಪೈರಿ ಅಂದರೆ ಹೀಗೂ ಆಗುತ್ತದೆಯೇ?

ಲೆಕ್ಕಿಗ: ಇಲ್ಲ ಮೇಡಂ, ನಿಮ್ಮದು ಬೇರೆ. ಎಕ್ಸ್‌ಪೈರಿಯಿಂದ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಆ ಆರ್ಡರ್‌ನಿಂದ ಗಳಿಸಿದ ಪಾಯಿಂಟ್ಸ್ ರಿಟರ್ನ್‌ಗೂ ಮೊದಲೇ ಬೇರೆ ಖರೀದಿಗೆ ಖರ್ಚಾಗಿರಬೇಕು. ಗಳಿಕೆ ಹಿಂತೆಗೆದಾಗ ಖಾತೆಯಲ್ಲಿ ಏನೂ ಇರಲಿಲ್ಲ. ಮುಂದಿನ ಗಳಿಕೆಯಲ್ಲಿ 45 ವಜಾ ಆಗುವುದು ರೂಢಿ. ಕೆಲವು ಕಡೆ ರೀಫಂಡ್ ಹಣದಲ್ಲೇ ಮುರಿದುಕೊಳ್ಳುತ್ತಾರೆ, ಹಾಗಾಗಿ ಷರತ್ತು ಓದಿ. ಎರಡೂ ಕಡೆ ಕಡಿದಿದ್ದರೆ ಮಾತ್ರ ದೂರು ಕೊಡಿ. ರಿಟರ್ನ್ ಗಡುವು ಮುಗಿಯುವವರೆಗೆ ಗಳಿಕೆಯನ್ನು ‘ಬಾಕಿ’ ಎಂದು ತಡೆಹಿಡಿದರೆ ಈ ಪರಿಸ್ಥಿತಿಯೇ ಬರುವುದಿಲ್ಲ.

ನೀಲಿಮುಗಿಲು: ನಮ್ಮಲ್ಲಿ ಬಾಕಿಯಲ್ಲೇ ಇಡುತ್ತೇವೆ. ಏಪ್ರಿಲ್ 11ರ ಎಕ್ಸ್‌ಪೈರಿ ಸಾಲು ಸಿಕ್ಕಿತು, A‌ಯದ್ದೇ, 90. ಸೂತ್ರ ಹಾಕಿದ ಮೇಲೆ 520 ನಿಂತಿದೆ, ಗಳಿಕೆ 56. ಇನ್ನೊಂದು: 100 ಪಾಯಿಂಟ್ಸ್ ಬಳಸಿದ, ಒಂದೇ ಬೆಲೆಯ ಮೂರು ವಸ್ತುಗಳನ್ನು ಒಂದೊಂದಾಗಿ ರಿಟರ್ನ್ ಮಾಡಿದರೆ 33ರಂತೆ 99 ಮಾತ್ರ ಬರುತ್ತಿದೆ.

ಲೆಕ್ಕಿಗ: ಕೊನೆಯ ರಿಟರ್ನ್‌ಗೆ ಪ್ರಮಾಣ ಹಾಕಬೇಡಿ. ಬಳಸಿದ 100ರಲ್ಲಿ ಈಗಾಗಲೇ ಕೊಟ್ಟ 66 ಕಳೆದು, ಉಳಿದ 34 ಕೊಟ್ಟುಬಿಡಿ. ಗಳಿಕೆ ಹಿಂತೆಗೆಯುವಾಗಲೂ ಹಾಗೆಯೇ.

ದಾರಿಹೋಕ: ಒಂದು ವರ್ಷದ ಮಾತು ವಾಪಸ್ ತೆಗೆದುಕೊಂಡೆ. ಆದರೂ ಆ 90 ಪಾಯಿಂಟ್ಸ್‌ಗೆ ಸಿಕ್ಕಿದ್ದು ಬರೀ 6 ದಿನ. ವಸ್ತು ಕೆಟ್ಟದ್ದು ಬಂದು ರಿಟರ್ನ್ ಮಾಡಿದವರಿಗೆ ಇದು ಅನ್ಯಾಯ. ಕನಿಷ್ಠ 15 ದಿನವಾದರೂ ಕೊಡಬೇಕು.

ಲೆಕ್ಕಿಗ: ಕೊಡಬಹುದು, ಒಂದು ಮೂಲ ಲಾಟ್‌ಗೆ ಒಂದೇ ಸಲ ಎಂಬ ಮಿತಿ ಇಟ್ಟು. ಆದರೆ ರಿಟರ್ನ್ ಕಾರಣವನ್ನು ಗ್ರಾಹಕರೇ ಆರಿಸುವುದಾದರೆ ‘ದೋಷಪೂರಿತ’ ಎಂಬುದನ್ನು ನಂಬಿ ದಿನ ಹೆಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ.

ನೀಲಿಮುಗಿಲು: ನಮ್ಮಲ್ಲಿ ಕಾರಣ ಗ್ರಾಹಕರೇ ಆರಿಸುವುದು. ಗೋದಾಮಿನ ತಪಾಸಣೆ ಮುಗಿಯುವಷ್ಟರಲ್ಲಿ ಆ 6 ದಿನ ಕಳೆದೇ ಹೋಗಿರುತ್ತದೆ. ತಪಾಸಣೆಯ ದಿನವನ್ನೇ `return_date` ಅಂತ ಹಿಡಿದವರು ಯಾರಾದರೂ ಇದ್ದೀರಾ?