ಸಹಾಯ ಬೇಕು: 'ಬಲ್ಲಿರೇನಯ್ಯಾ'ಗೆ ಇಂಗ್ಲಿಷ್‌ನಲ್ಲಿ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಶೈಲಿಯ ಸೂತ್ರದ ಗೊಂಬೆಯಾಟದ ಸಂಭಾಷಣೆಯನ್ನು ಇಂಗ್ಲಿಷಿಗೆ ತರ್ತಾ ಇದ್ದೀನಿ. ಆಡಿ ತೋರಿಸೋಕೆ, ಬರೀ ಓದೋಕಲ್ಲ. ಇಂದ್ರಜಿತುವಿನ ಪ್ರವೇಶದಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ಗೊಂಬೆ 'ಬಲ್ಲಿರೇನಯ್ಯಾ?' ಅಂತ ಕೇಳುತ್ತೆ. ಕೊನೆಯ 'ಯ್ಯಾ' ಎಳೆದಷ್ಟೂ ಎಳೆಯಬಹುದು. ಗೊಂಬೆಯ ಕೈ ಮೇಲೇಳೋದು, ಚೆಂಡೆಯ ಪೆಟ್ಟು ಬೀಳೋದು ಅಲ್ಲೇ. ಮೊದಲು 'ಡು ಯು ನೋ ಮಿ, ಸರ್?' ಅಂತ ಮಾಡಿದೆ. ಅಕ್ಷರ ಲೆಕ್ಕಕ್ಕೆ ಐದೇ, ಆದರೆ 'ಸರ್' ವ್ಯಂಜನದಲ್ಲಿ ಮುಚ್ಚಿಕೊಳ್ಳುತ್ತೆ, ಕೈ ಅರ್ಧಕ್ಕೇ ನಿಲ್ಲುತ್ತೆ. ಜೊತೆಗೆ ಕಚೇರಿ ಮಾತಿನ ವಾಸನೆ. 'ಸೇ, ಹೂ ಆಮ್ ಐ?' ಅಂದರೆ ಕೊನೆಯ 'ಐ' ಚೆನ್ನಾಗಿ ಎಳೆಯುತ್ತೆ, ಆದರೆ 'ಅಯ್ಯಾ'ದ ಸಲುಗೆ, ಗೌರವ ಎರಡೂ ಹೋಗುತ್ತೆ.

ಉತ್ತರ ಇನ್ನೂ ಕಷ್ಟ. ಭಾಗವತರು 'ಇಂದ್ರಜಿತುವೆಂದು ಬಲ್ಲೆವು' ಅಂತಾರೆ. ಹೆಸರು ಮೊದಲು; ಪ್ರಶ್ನೆಯ 'ಬಲ್ಲ' ಕೊನೆಯಲ್ಲಿ ಮರುದನಿಯಾಗಿ ಬರುತ್ತೆ. 'ವಿ ನೋ ಯು ಆಸ್ ಇಂದ್ರಜಿತು' ಅಂದರೆ ಹೆಸರು ಕೊನೆಗೆ ಹೋಗಿ ಮರುದನಿ ನಡುವೆ ಹೂತುಹೋಗುತ್ತೆ. 'ಇಂದ್ರಜಿತು, ಯು ವಿ ನೋ' ಅಂತ ತಿರುಗಿಸಿದರೆ ಲಯ ಕೂರುತ್ತೆ, ಇಂಗ್ಲಿಷ್ ಮುರಿಯುತ್ತೆ.

'ಬಲ್ಲಿರೇನಯ್ಯಾ' ಒಂದನ್ನು ಕನ್ನಡದಲ್ಲೇ ಉಳಿಸಿ, ಭಾಗವತರ ಉತ್ತರದಲ್ಲೇ ಅದರ ಅರ್ಥ ಹೊಳೆಯೋ ಹಾಗೆ ಮಾಡಬಹುದಾ? ಅಥವಾ ದೀರ್ಘ ಸ್ವರದಲ್ಲಿ ಮುಗಿಯೋ, ಉತ್ತರದಲ್ಲೂ ಅದೇ ಕ್ರಿಯಾಪದ ಮರಳಿ ಬರೋ ಇಂಗ್ಲಿಷ್ ಜೋಡಿಸಾಲು ಯಾರಿಗಾದರೂ ಹೊಳೆಯುತ್ತಾ?